ಕರೆಂಟ್ ಹೋದಾಗಲೇ ಕೈಕೊಡುವ ಎಮರ್ಜೆನ್ಸಿ ಲೈಟ್: ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ಎಮರ್ಜೆನ್ಸಿ ಲೈಟ್ ಬಿಚ್ಚಿ ನೋಡುವ ಅಭ್ಯಾಸ ಇದೆ ಎಂದು ಗೊತ್ತಾದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೆಲವನ್ನು ಎದುರಿಗೆ ಕೇಳಿದ್ದಾರೆ, ಕೆಲವನ್ನು ಬರೆದು ಕೇಳಿದ್ದಾರೆ. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಇಲ್ಲಿನ ಮಾತು ಮುಖ್ಯವಾಗಿ ಒಂದು ಬಗೆಯ ಲೈಟಿನದು: ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕುವ, ಒಳಗೆ 4 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಇರುವ ಸಾದಾ ಎಲ್ಇಡಿ ಲೈಟ್. ಲೀಥಿಯಂ ಸೆಲ್ಲಿನ ಲೈಟ್ ಬಗ್ಗೆ ಕೊನೆಯ ಕಡೆ ಸ್ವಲ್ಪ ಇದೆ.

## ಮೊದಲು ಕೇಳುವ ಪ್ರಶ್ನೆಗಳು

ದಿನವಿಡೀ ಚಾರ್ಜ್‌ಗೆ ಹಾಕಿರ್ತೀನಿ. ಕರೆಂಟ್ ಹೋದ ಐದೇ ನಿಮಿಷಕ್ಕೆ ಮಂಕಾಗತ್ತೆ. ಯಾಕೆ?

ಕಾರಣ ಎರಡರಲ್ಲಿ ಒಂದು. ಬ್ಯಾಟರಿಗೆ ವಯಸ್ಸಾಗಿ ಅದರ ಹೊಟ್ಟೆ ಸಣ್ಣದಾಗಿರಬಹುದು. ಆಗ ಎಷ್ಟು ಹೊತ್ತು ಚಾರ್ಜ್‌ಗೆ ಹಾಕಿದರೂ ಹಿಡಿಯುವುದು ಅಷ್ಟೇ. ಇಲ್ಲವೇ ಬ್ಯಾಟರಿ ಚೆನ್ನಾಗಿದ್ದು, ಅದಕ್ಕೆ ಹೊಟ್ಟೆ ತುಂಬ ಬಡಿಸುವ ಚಾರ್ಜಿಂಗ್ ಸರ್ಕ್ಯೂಟ್ ಸೋತಿರಬಹುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೇ ಜನ ಬ್ಯಾಟರಿ ಮೇಲೆ ಬ್ಯಾಟರಿ ಬದಲಿಸುತ್ತಾರೆ, ಲೈಟ್ ಮಾತ್ರ ಸರಿಹೋಗುವುದಿಲ್ಲ.

ಐದು ನಿಮಿಷ ಎಂಬುದು ಒಂದು ಸುಳಿವು. ಶುರುವಿನಲ್ಲಿ ಚೆನ್ನಾಗಿ ಬೆಳಗಿ, ಐದು ನಿಮಿಷದಲ್ಲೇ ಮೇಣದ ಬತ್ತಿಯಷ್ಟಾದರೆ ಮೊದಲ ಅನುಮಾನ ಬ್ಯಾಟರಿಯ ಮೇಲೆ. ಒಂದು ಗಂಟೆಯಷ್ಟು ಸಮನಾಗಿ ಉರಿದು ಆಮೇಲೆ ಇಳಿದರೆ ಚಾರ್ಜಿಂಗ್ ಕಡೆ ನೋಡಬೇಕು. ಇದು ಬರೀ ಅಂದಾಜು. ಗಟ್ಟಿ ಮಾಡಿಕೊಳ್ಳುವ ದಾರಿ ಮುಂದೆ ಇದೆ.

ಕೆಂಪು ದೀಪ ಉರೀತಾ ಇದೆಯಲ್ಲ, ಅಂದ್ರೆ ಚಾರ್ಜ್ ಆಗ್ತಾ ಇದೆ ಅಂತಲ್ವಾ?

ಅಲ್ಲ. ಈ ಒಂದು ದೀಪ ತಪ್ಪಿಸಿರುವಷ್ಟು ದಾರಿಯನ್ನು ಬೇರೆ ಯಾವುದೂ ತಪ್ಪಿಸಿಲ್ಲ. ಸಾದಾ ಲೈಟುಗಳಲ್ಲಿ ಈ ದೀಪ ಹೇಳುವುದು 'ಪ್ಲಗ್ಗಿನಿಂದ ಕರೆಂಟ್ ಒಳಗೆ ಬಂದಿದೆ' ಎಂದು ಮಾತ್ರ. ಬ್ಯಾಟರಿಯ ಒಳಗೆ ಎಷ್ಟು ಹೋಗುತ್ತಿದೆ ಎಂದು ಅದು ಅಳೆಯುವುದಿಲ್ಲ. ಅದು ಉರಿಯಲು ಒಂದೆರಡು ಮಿಲಿ ಆಂಪ್ ಸಾಕು. ಬ್ಯಾಟರಿ ತುಂಬಲು ಬೇಕಾದದ್ದು ಅರವತ್ತು ಎಪ್ಪತ್ತು ಮಿಲಿ ಆಂಪ್. ಹರಿವು ಅರ್ಧಕ್ಕಿಂತ ಕೆಳಗೆ ಇಳಿದರೂ ಕೆಂಪು ದೀಪಕ್ಕೆ ಏನೂ ಅನ್ನಿಸುವುದಿಲ್ಲ.

ತುಂಬಿದ ಮೇಲೆ ಕೆಂಪು ಹೋಗಿ ಹಸಿರು ಬರುವ ಲೈಟುಗಳಿವೆ. ಅವುಗಳ ಮಾತನ್ನು ಸ್ವಲ್ಪ ಜಾಸ್ತಿ ನಂಬಬಹುದು. ಆದರೆ ಬ್ಯಾಟರಿ ಹಳತಾಗಿದ್ದರೆ ಅರ್ಧ ಗಂಟೆಯಲ್ಲೇ ಹಸಿರು ಬರುತ್ತದೆ. ಬೇಗ ತುಂಬಿತು ಎಂದು ಖುಷಿಪಡಬೇಡಿ. ಸಣ್ಣ ಚೊಂಬು ಬೇಗ ತುಂಬುತ್ತದೆ, ಅಷ್ಟೇ.

ಒಳಗೆ ಯಾವ ಬ್ಯಾಟರಿ ಇದೆ ಅಂತ ಹೇಗೆ ತಿಳಿಯೋದು?

ಪ್ಲಗ್ ತೆಗೆದು, ಹಿಂದಿನ ಸ್ಕ್ರೂ ಬಿಚ್ಚಿ ನೋಡಿ. ಚೌಕಾಕಾರದ, ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ಮೀರಿ ಭಾರ ಅನ್ನಿಸುವ ಪ್ಲಾಸ್ಟಿಕ್ ಡಬ್ಬಿ ಇದ್ದು, ಮೇಲೆ 4 ವೋಲ್ಟ್ ಎಂದು ಬರೆದಿದ್ದರೆ ಅದು ಲೆಡ್ ಆಸಿಡ್. ಒಳಗೆ 2 ವೋಲ್ಟಿನ ಎರಡು ಸೆಲ್ ಸಾಲಾಗಿ ಕೂತಿರುತ್ತವೆ. ದುಂಡಗೆ ಸಿಲಿಂಡರ್ ಥರ ಇದ್ದು 3.7 ವೋಲ್ಟ್ ಎಂದಿದ್ದರೆ ಲೀಥಿಯಂ ಅಯಾನ್. 3.2 ವೋಲ್ಟ್ ಎಂದಿದ್ದರೆ ಅದೂ ಲೀಥಿಯಮ್ಮೇ, ಆದರೆ ಐರನ್ ಫಾಸ್ಫೇಟ್ ಜಾತಿಯದು. ಮೂರಕ್ಕೂ ಚಾರ್ಜ್ ಮಾಡುವ ರೀತಿ ಬೇರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕುವಂತಿಲ್ಲ.

ಬಳಸದೆ ಕಪಾಟಿನಲ್ಲಿ ಇಟ್ಟಿದ್ದೆ. ಉಪಯೋಗಿಸದೇ ಇದ್ರೂ ಹಾಳಾಗತ್ತಾ?

ಆಗುತ್ತದೆ. ಬಳಸಿದ್ದಕ್ಕಿಂತ ಬೇಗ ಆಗುವುದೂ ಉಂಟು. ಲೆಡ್ ಆಸಿಡ್ ಬ್ಯಾಟರಿ ಸುಮ್ನೆ ಕೂತಿದ್ದರೂ ತಿಂಗಳಿಗೆ ಮೂರು ನಾಲ್ಕು ಶೇಕಡಾದಷ್ಟು ಚಾರ್ಜ್ ಕಳೆದುಕೊಳ್ಳುತ್ತದೆ. ಸೆಕೆ ಜಾಸ್ತಿ ಇದ್ದರೆ ಇನ್ನೂ ಬೇಗ. ಖಾಲಿಯಾಗುತ್ತಾ ಬಂದಂತೆ ಒಳಗಿನ ಸೀಸದ ತಗಡುಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಬೇಗನೆ ಚಾರ್ಜ್ ಮಾಡಿದರೆ ಅದು ಕರಗಿ ಹೋಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಗಟ್ಟಿ ಹರಳಾಗಿ ಅಲ್ಲೇ ಉಳಿಯುತ್ತದೆ. ಹರಳು ಕೂತಷ್ಟು ಜಾಗ ಮತ್ತೆ ಕೆಲಸಕ್ಕೆ ಬರುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ಸ್ವಿಚ್ ಆನ್ ಇರುವಾಗಲೇ ಎತ್ತಿಡುವುದು. ಬಿಳಿ ಎಲ್ಇಡಿ 2.7 ವೋಲ್ಟಿನ ಆಸುಪಾಸಿನಲ್ಲೂ ಮಿಣುಕುತ್ತಾ ಕರೆಂಟ್ ಎಳೆಯುತ್ತದೆ. ಆದರೆ 4 ವೋಲ್ಟಿನ ಬ್ಯಾಟರಿಯನ್ನು 3.5 ವೋಲ್ಟಿಗಿಂತ ಕೆಳಗೆ ಇಳಿಸಲೇಬಾರದು. ಅಲ್ಲಿಗೆ ಬಂದಾಗ ತಾನಾಗಿ ನಿಲ್ಲಿಸುವ ವ್ಯವಸ್ಥೆ ಅಗ್ಗದ ಲೈಟುಗಳಲ್ಲಿ ಇರುವುದಿಲ್ಲ. ಬೆಳಕು ಕಣ್ಣಿಗೆ ಕಾಣುವಷ್ಟು ಮಂಕಾಯಿತು ಎಂದರೆ ಆರಿಸಿಬಿಡಿ. ಆ ಕೊನೆಯ ಅರ್ಧ ಗಂಟೆಯ ಮಿಣುಕು ಬೆಳಕು ಬ್ಯಾಟರಿಯ ಆಯಸ್ಸನ್ನು ತಿನ್ನುತ್ತದೆ.

24 ಗಂಟೆ ಪ್ಲಗ್‌ನಲ್ಲೇ ಬಿಡಬಹುದಾ?

ಒಳ್ಳೆಯ ಚಾರ್ಜರ್ ಇದ್ದರೆ ಬಿಡಬಹುದು. ಅದು ಬ್ಯಾಟರಿ ತುಂಬಿದ ಮೇಲೆ 4.5 ಅಥವಾ 4.6 ವೋಲ್ಟಿನಲ್ಲಿ ನಿಂತು, ಬೇಕಾದಷ್ಟು ಮಾತ್ರ ಕೊಡುತ್ತದೆ. ಸಾದಾ ಲೈಟಿನ ಸರ್ಕ್ಯೂಟಿಗೆ ನಿಲ್ಲಿಸುವುದೇ ಗೊತ್ತಿಲ್ಲ. ತುಂಬಿದ ಬ್ಯಾಟರಿಗೂ ಅದೇ ಅರವತ್ತು ಮಿಲಿ ಆಂಪ್ ತಳ್ಳುತ್ತಲೇ ಇರುತ್ತದೆ. ಹಿಡಿಯಲು ಜಾಗವಿಲ್ಲದ ಆ ಕರೆಂಟು ಒಳಗಿನ ನೀರನ್ನು ಒಡೆದು ಅನಿಲ ಮಾಡುತ್ತದೆ. ಸ್ವಲ್ಪ ಅನಿಲ ಮತ್ತೆ ನೀರಾಗುತ್ತದೆ, ಉಳಿದದ್ದು ರಬ್ಬರ್ ವಾಲ್ವ್ ಮೂಲಕ ಹೊರಗೆ ಹೋಗುತ್ತದೆ. ಸೀಲ್ ಮಾಡಿದ ಬ್ಯಾಟರಿಯಾದ್ದರಿಂದ ಹೋದ ನೀರು ಹೋದ ಹಾಗೇ. ವರ್ಷಗಟ್ಟಲೆ ಪ್ಲಗ್ಗಿನಲ್ಲೇ ಇದ್ದ ಬ್ಯಾಟರಿ ಸಾಯುವುದು ಸಾಮಾನ್ಯವಾಗಿ ಹೀಗೆ ಒಣಗಿ.

ಇಂಥ ಲೈಟನ್ನು ಬಳಸಿದ ಮೇಲೆ ಹದಿನೈದು, ಹದಿನಾರು ಗಂಟೆ ಚಾರ್ಜ್ ಮಾಡಿ ತೆಗೆದಿಡಿ. ಬಳಸದಿದ್ದರೆ ತಿಂಗಳಿಗೊಮ್ಮೆ ನಾಲ್ಕೈದು ಗಂಟೆ ಹಾಕಿ. ಟೈಮರ್ ಸ್ವಿಚ್ ಹಾಕುತ್ತೇನೆ ಎಂದು ಒಬ್ಬರು ಜಾಣತನ ಮಾಡಿದರು. ಕರೆಂಟ್ ಹೋದರೆ ತಾನಾಗಿ ಹತ್ತುವ ಲೈಟ್ ಅದು. ಟೈಮರ್ ಕಟ್ ಮಾಡಿದ ಕೂಡಲೇ, ಓ ಕರೆಂಟ್ ಹೋಯ್ತು ಎಂದು ಹತ್ತಿಕೊಂಡು, ಬೆಳಗ್ಗೆ ಹೊತ್ತಿಗೆ ಖಾಲಿಯಾಗಿ ಕೂತಿತ್ತು!

## ಮೀಟರ್ ಹಿಡಿದವರ ಪ್ರಶ್ನೆಗಳು

ಬಿಚ್ಚೋಕೆ ಮುಂಚೆ ಏನಾದ್ರೂ ಎಚ್ಚರಿಕೆ ಬೇಕಾ? 4 ವೋಲ್ಟ್ ಬ್ಯಾಟರಿ ತಾನೇ?

ಬ್ಯಾಟರಿ 4 ವೋಲ್ಟಿನದು, ನಿಜ. ಆದರೆ ಈ ಲೈಟುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಗೋಡೆಯ 230 ವೋಲ್ಟನ್ನು ಒಂದು ಕೆಪ್ಯಾಸಿಟರ್ ತಡೆಹಿಡಿದು ಸ್ವಲ್ಪ ಕರೆಂಟನ್ನು ಮಾತ್ರ ಒಳಗೆ ಬಿಡುತ್ತದೆ. ಅಂದರೆ ಪ್ಲಗ್ಗಿನಲ್ಲಿ ಇರುವಷ್ಟು ಹೊತ್ತು ಬ್ಯಾಟರಿಯ ತುದಿ, ಎಲ್ಇಡಿ, ಸ್ವಿಚ್ಚಿನ ಲೋಹ ಎಲ್ಲವೂ ಮೇನ್ಸ್‌ಗೆ ನೇರವಾಗಿ ಸೇರಿಕೊಂಡಿರುತ್ತವೆ. ಮುಟ್ಟಿದರೆ ಶಾಕ್ ಖಂಡಿತ, ಜೀವ ಹೋಗಲೂಬಹುದು. ಮುಚ್ಚಳ ತೆಗೆದ ಮೇಲೆ ಪ್ಲಗ್ಗಿಗೆ ಹಾಕಲೇಬೇಡಿ. ಈ ಪುಟದಲ್ಲಿ ಹೇಳಿರುವ ಎಲ್ಲ ಅಳತೆಯೂ ಪ್ಲಗ್ ತೆಗೆದ ಮೇಲೆ ಮಾಡುವಂಥದ್ದೇ.

ಪ್ಲಗ್ ತೆಗೆದ ಮೇಲೂ ಆ ಕೆಪ್ಯಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ. ಅದನ್ನು ಖಾಲಿ ಮಾಡಲು ಪಕ್ಕದಲ್ಲೇ ಒಂದು ರೆಸಿಸ್ಟರ್ ಇರುತ್ತದೆ, ಅದು ತುಂಡಾಗಿದ್ದರೆ ಪ್ಲಗ್ಗಿನ ಪಿನ್ನುಗಳೇ ಜುಮ್ ಎನ್ನಿಸುತ್ತವೆ. ಮೀಟರನ್ನು ಹೆಚ್ಚಿನ ಡಿಸಿ ವೋಲ್ಟ್ ರೇಂಜಿನಲ್ಲಿಟ್ಟು ಎರಡು ಪಿನ್ನಿಗೂ ಹಿಡಿಯಿರಿ. ಅಂಕಿ ದೊಡ್ಡದಿದ್ದರೆ ಕೆಳಗೆ ಇಳಿಯುತ್ತಾ ಬರುವುದು ಕಾಣುತ್ತದೆ. ಮೀಟರೇ ಅದನ್ನು ನಿಧಾನಕ್ಕೆ ಖಾಲಿ ಮಾಡುತ್ತಿರುತ್ತದೆ. ಐದು ವೋಲ್ಟಿನ ಹತ್ತಿರ ಬಂದ ಮೇಲೆ ಕೈ ಹಾಕಿ.

ಮೀಟರ್ 4.2 ತೋರಿಸತ್ತೆ. ಹಾಗಾದ್ರೆ ಬ್ಯಾಟರಿ ಚೆನ್ನಾಗೇ ಇದೆ ಅಲ್ವಾ?

ಕೆಲಸವಿಲ್ಲದೆ ಕೂತ ಬ್ಯಾಟರಿ ತೋರಿಸುವ ವೋಲ್ಟನ್ನು ನಂಬಿ ಮೋಸಹೋದವರಲ್ಲಿ ನಾನೂ ಒಬ್ಬ. ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ತುಂಬಿ, ಒಂದೆರಡು ಗಂಟೆ ಸುಮ್ಮನಿದ್ದ ಮೇಲೆ 4.2ರಿಂದ 4.3 ತೋರಿಸಬೇಕು. ಅರ್ಧ ತುಂಬಿದ್ದರೆ 4.1ರ ಆಸುಪಾಸು. ಖಾಲಿಯಾಗಿದ್ದರೆ 3.9. ಹೊಟ್ಟೆಯ ಗಾತ್ರ ಎಷ್ಟು ಉಳಿದಿದೆ ಎಂಬುದು ಮಾತ್ರ ಈ ಅಂಕಿಯಲ್ಲಿ ಇಲ್ಲ. ಹತ್ತರಲ್ಲಿ ಒಂದು ಪಾಲು ಮಾತ್ರ ಉಳಿದ ಮುದಿ ಬ್ಯಾಟರಿಯೂ, ಆ ಒಂದು ಪಾಲು ತುಂಬಿದ್ದರೆ 4.2 ಎಂದೇ ಹೇಳುತ್ತದೆ.

ಸತ್ಯ ಹೊರಬರುವುದು ಹೊರೆ ಹಾಕಿದಾಗ. ಮೀಟರಿನ ಕಡ್ಡಿಗಳನ್ನು ಬ್ಯಾಟರಿಗೆ ಹಿಡಿದಿಟ್ಟುಕೊಂಡೇ ಲೈಟ್ ಆನ್ ಮಾಡಿ. ಒಳ್ಳೆಯ ಬ್ಯಾಟರಿಯ ಅಂಕಿ 4.1ರ ಹತ್ತಿರಕ್ಕೆ ಇಳಿದು ಅಲ್ಲಿ ನಿಲ್ಲುತ್ತದೆ. ಆಮೇಲೆ ಇಳಿಯುವುದು ಬಹಳ ನಿಧಾನ. ಮುದಿ ಬ್ಯಾಟರಿಯಲ್ಲಿ ಆನ್ ಮಾಡಿದ ಕ್ಷಣಕ್ಕೇ 3.8ಕ್ಕೆ ಜಾರುತ್ತದೆ, ಒಂದು ನಿಮಿಷಕ್ಕೆ 3.6, ಹಾಗೇ ಮೆಟ್ಟಿಲಿಳಿದಂತೆ ಕೆಳಗೆ. ಆರಿಸಿದರೆ ಮತ್ತೆ ನಿಧಾನಕ್ಕೆ 4ರ ಮೇಲೆ ಹತ್ತಿ ಕೂರುತ್ತದೆ. ಏನೂ ಆಗದವರ ಹಾಗೆ!

ಸೆಲ್ ಹೋಗಿದ್ಯಾ, ಚಾರ್ಜರ್ ಹೋಗಿದ್ಯಾ? ಒಂದೇ ಸಲಕ್ಕೆ ಹೇಗೆ ಗೊತ್ತುಮಾಡೋದು?

ಎರಡು ಅಂಕಿ ಬೇಕು. ಲೈಟನ್ನು ಮುಚ್ಚಿದ ಸ್ಥಿತಿಯಲ್ಲೇ ಹದಿನಾರು ಗಂಟೆ ಚಾರ್ಜ್ ಮಾಡಿ. ಪ್ಲಗ್ ತೆಗೆಯಿರಿ. ತಾನಾಗಿ ಹತ್ತುವ ಲೈಟಾದರೆ ಸ್ವಿಚ್ಚಿನಿಂದ ಆರಿಸಿಡಿ. ಎರಡು ಗಂಟೆ ಬಿಟ್ಟು ಬಿಚ್ಚಿ ಬ್ಯಾಟರಿಯ ವೋಲ್ಟ್ ಬರೆದಿಟ್ಟುಕೊಳ್ಳಿ. ಇದು ಮೊದಲನೆಯ ಅಂಕಿ. ಆಮೇಲೆ ಲೈಟ್ ಆನ್ ಮಾಡಿ, ಸರಿಯಾಗಿ ಒಂದು ನಿಮಿಷವಾದಾಗ ಮತ್ತೆ ಬರೆದಿಟ್ಟುಕೊಳ್ಳಿ. ಇದು ಎರಡನೆಯದು.

ಮೊದಲನೆಯದು 4.2ರ ಮೇಲಿದ್ದು, ಎರಡನೆಯದು ದೊಪ್ಪನೆ ಬಿದ್ದಿದ್ದರೆ ಚಾರ್ಜರ್ ತನ್ನ ಕೆಲಸ ಮಾಡಿದೆ, ಬ್ಯಾಟರಿ ಮುದಿಯಾಗಿದೆ. ಮೊದಲನೆಯದೇ 4.0 ಅಥವಾ 4.05 ಇದ್ದು, ಲೈಟ್ ಹಾಕಿದ ಮೇಲೆ 0.1 ವೋಲ್ಟಿನಷ್ಟು ಮಾತ್ರ ಇಳಿದರೆ ಕಥೆ ತಿರುಗಿತು. ಬ್ಯಾಟರಿಯಲ್ಲಿ ಜೀವ ಇದೆ, ಅದಕ್ಕೆ ಊಟ ಸಾಲುತ್ತಿಲ್ಲ. ಎಷ್ಟು ಚಾರ್ಜ್ ಮಾಡಿದರೂ 2.1ರ ಹತ್ತಿರವೇ ನಿಂತರೆ ಎರಡು ಸೆಲ್ಲಿನಲ್ಲಿ ಒಂದು ಒಳಗೇ ಶಾರ್ಟ್ ಆಗಿದೆ, ಅದಕ್ಕೆ ಮದ್ದಿಲ್ಲ. ಸೊನ್ನೆ ತೋರಿಸಿದರೆ ಮೊದಲು ತಂತಿ ನೋಡಿ. ಆಸಿಡ್ ಜಿನುಗಿ ಹಸಿರು ಪುಡಿ ಕಟ್ಟಿ, ತಂತಿ ಬೆಸುಗೆಯ ಹತ್ತಿರ ತುಂಡಾಗಿರುವುದನ್ನು ನಾನು ಸುಮಾರು ಸಲ ಕಂಡಿದ್ದೇನೆ. ಪ್ಲಾಸ್ಟಿಕ್ ಹೊದಿಕೆ ಹಾಗೇ ಇರುತ್ತದೆ, ಒಳಗಿನ ತಾಮ್ರ ಮಾತ್ರ ಇರುವುದಿಲ್ಲ. ಮೆತ್ತಗೆ ಎಳೆದರೆ ಕೈಗೆ ಬರುತ್ತದೆ.

ಎರಡೂ ಅಂಕಿ ಕೆಟ್ಟದಾಗಿದ್ದರೆ? ಆಗ ಎರಡೂ ಹೋಗಿರಬಹುದು. ಮುಂದಿನ ಪ್ರಶ್ನೆ ಅದೇ.

ಹೊಸ ಬ್ಯಾಟರಿ ಹಾಕಿದ್ರೂ ಒಂದು ಗಂಟೆ ಮೇಲೆ ಬರ್ತಾ ಇಲ್ಲ. ಬ್ಯಾಟರಿನೇ ನಕಲಿನಾ?

ನಕಲಿ ಇರಬಹುದು. ಆದರೆ ತೀರ್ಪು ಕೊಡುವ ಮೊದಲು ನನ್ನದೇ ಲೈಟಿನ ಕಥೆ ಕೇಳಿ. 4 ವೋಲ್ಟ್, 1 ಆಂಪ್ ಅವರ್ ಬ್ಯಾಟರಿಯ ಲೈಟ್. ಹೊಸದರಲ್ಲಿ ಎರಡೂವರೆ ಗಂಟೆ ಉರಿಯುತ್ತಿತ್ತು. ಬರಬರುತ್ತಾ ನಾಲ್ಕೇ ನಿಮಿಷಕ್ಕೆ ಬಂತು. ಚಾರ್ಜ್ ಮಾಡಿ ಅಳೆದರೆ 4.24. ಲೈಟ್ ಹಾಕಿದರೆ ಒಂದು ನಿಮಿಷಕ್ಕೆ 3.6, ನಾಲ್ಕು ನಿಮಿಷಕ್ಕೆ 3.3. ಬ್ಯಾಟರಿ ಹೋಗಿದೆ ಎಂದು ಹೊಸದು ಹಾಕಿದೆ. ಮೊದಲ ದಿನ ಚೆನ್ನಾಗಿ ಉರಿಯಿತು, ಅದು ಅಂಗಡಿಯಿಂದ ಬಂದಾಗ ಇದ್ದ ಚಾರ್ಜು. ಪೂರ್ತಿ ಬಳಸಿ, ಹದಿನಾರು ಗಂಟೆ ಚಾರ್ಜ್‌ಗೆ ಹಾಕಿ ಮತ್ತೆ ಹಚ್ಚಿದರೆ ಒಂದು ಗಂಟೆ ಹತ್ತು ನಿಮಿಷ ಅಷ್ಟೇ.

ಮತ್ತೆ ಚಾರ್ಜ್ ಮಾಡಿ ಅಳೆದಾಗ ಸುಮ್ಮನಿದ್ದಾಗ 4.06, ಲೈಟ್ ಹಾಕಿ ಒಂದು ನಿಮಿಷಕ್ಕೆ 3.95. ಅಂದರೆ ಬ್ಯಾಟರಿ ಗಟ್ಟಿಯಾಗಿಯೇ ಇತ್ತು, ಹಸಿದಿತ್ತು. ಬೋರ್ಡಿನ ಮೇಲೆ ಪ್ಲಗ್ಗಿನ ತಂತಿ ಬಂದು ಸೇರುವ ಕಡೆ ಒಂದು ಕಂದು ಬಣ್ಣದ, ಚಪ್ಪಟೆ ಬಿಸ್ಕತ್ತಿನಂಥ ಕೆಪ್ಯಾಸಿಟರ್ ಇತ್ತು. ಮೇಲೆ 105 ಎಂಬ ಅಂಕಿ. ಹಾಗೆಂದರೆ ಒಂದು ಮೈಕ್ರೋಫ್ಯಾರಡ್. ಒಂದು ಕಾಲು ಬೆಸುಗೆಯಿಂದ ಬಿಡಿಸಿ, ಕೆಪ್ಯಾಸಿಟರ್ ಅಳೆಯುವ ಮೀಟರಿಗೆ ಕೊಟ್ಟೆ. 0.42 ಎಂದಿತು.

ಇಲ್ಲಿ ಲೆಕ್ಕ ಕೂಡಿಸುವುದು ಸುಲಭ. 230 ವೋಲ್ಟ್, 50 ಹರ್ಟ್ಜ್ ಲೈನಿನಲ್ಲಿ ಒಂದು ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಬ್ಯಾಟರಿಗೆ ಸುಮಾರು 65 ಮಿಲಿ ಆಂಪ್ ಕೊಡುತ್ತದೆ. 0.42 ಆದರೆ ಕೊಡುವುದು 27. ಹದಿನಾರು ಗಂಟೆಗೆ 27ರಂತೆ 430 ಮಿಲಿ ಆಂಪ್ ಅವರ್. ಲೆಡ್ ಆಸಿಡ್ ಕೊಟ್ಟದ್ದನ್ನೆಲ್ಲ ಹಿಡಿದಿಡುವುದಿಲ್ಲ, ಐದರಲ್ಲಿ ನಾಲ್ಕು ಪಾಲು ಎಂದಿಟ್ಟುಕೊಂಡರೆ 350ರ ಹತ್ತಿರ. ನನ್ನ ಲೈಟ್ ಎಳೆಯುವುದು 300 ಮಿಲಿ ಆಂಪ್. 350ನ್ನು 300ರಿಂದ ಭಾಗಿಸಿ: ಒಂದು ಗಂಟೆ ಹತ್ತು ನಿಮಿಷ. ಗಡಿಯಾರ ತೋರಿಸಿದ್ದೂ ಅಷ್ಟೇ. ಅಷ್ಟು ಕರಾರುವಾಕ್ಕಾಗಿ ಬಂದದ್ದು ನನ್ನ ಅದೃಷ್ಟ ಇರಬಹುದು. ಅದೇನೇ ಇರಲಿ, ಹೊಸ ಒಂದು ಮೈಕ್ರೋಫ್ಯಾರಡ್ ಹಾಕಿದ ಮೇಲೆ ಲೈಟ್ ಮತ್ತೆ ಎರಡೂವರೆ ಗಂಟೆಗೆ ಬಂತು.

ಇಡೀ ಪ್ರಕರಣದಲ್ಲಿ ನನಗೆ ತಡವಾಗಿ ಹೊಳೆದದ್ದು ಬೇರೆ. ಹಳೆ ಬ್ಯಾಟರಿಯನ್ನು ಕೊಂದದ್ದೂ ಆ ಕೆಪ್ಯಾಸಿಟರ್ರೇ ಇರಬೇಕು. ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿ ಬಿದ್ದಿದ್ದ ಬ್ಯಾಟರಿಯಲ್ಲಿ ಸಲ್ಫೇಟ್ ಹರಳು ಕಟ್ಟುತ್ತಾ ಹೋಯಿತು. ಸತ್ತ ಬ್ಯಾಟರಿ ಕಣ್ಣಿಗೆ ಬಿತ್ತು, ಕೊಂದವನು ಬೋರ್ಡಿನ ಮೇಲೆ ಹಾಯಾಗಿ ಕೂತಿದ್ದ. ಅದಕ್ಕೇ ಈಗ ಬ್ಯಾಟರಿ ಬದಲಿಸುವಾಗಲೆಲ್ಲ ಕೆಪ್ಯಾಸಿಟರನ್ನೂ ಅಳೆಯುತ್ತೇನೆ.

ಹೊಸ ಬ್ಯಾಟರಿ ತಗೊಳ್ಳುವಾಗ ಏನು ನೋಡ್ಬೇಕು?

ವೋಲ್ಟು ಅದೇ ಇರಲಿ, ಡಬ್ಬಿಯ ಅಳತೆ ಲೈಟಿನಲ್ಲಿ ಕೂರುವಂತಿರಲಿ. ಆದರೆ ಮುಖ್ಯವಾಗಿ ಅಲ್ಲೇ ಮೀಟರ್ ಹಿಡಿದು ನೋಡಿ. ಮಾರದೆ ಕೂತ ಬ್ಯಾಟರಿಗೂ ಕಪಾಟಿನಲ್ಲಿ ಇಟ್ಟ ಲೈಟಿನ ಗತಿಯೇ ಬರುತ್ತದೆ. 4.1 ಅಥವಾ ಅದಕ್ಕಿಂತ ಮೇಲಿದ್ದರೆ ತೆಗೆದುಕೊಳ್ಳಿ. 3.9ಕ್ಕಿಂತ ಕೆಳಗಿದ್ದರೆ ಹೊಳೆಯುವ ಹೊಸ ಪ್ಯಾಕಿನಲ್ಲಿದ್ದರೂ ಬೇಡ.

## ಸರ್ಕ್ಯೂಟಿಗೆ ಕೈ ಹಾಕಿದವರ ಪ್ರಶ್ನೆಗಳು

ಕೆಪ್ಯಾಸಿಟರ್ ಸುಟ್ಟಿಲ್ಲ, ಉಬ್ಬಿಲ್ಲ. ಆದ್ರೂ ಹೇಗೆ ಕಮ್ಮಿಯಾಗತ್ತೆ?

ಇದು ಉಬ್ಬುವ ಜಾತಿಯದಲ್ಲ. ಒಳಗೆ ತೆಳು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಇನ್ನೂ ತೆಳುವಾದ ಲೋಹದ ಲೇಪ. ಲೈನಿನಲ್ಲಿ ವೋಲ್ಟ್ ಒಮ್ಮೆಗೇ ಜಿಗಿದಾಗ ಹಾಳೆಯ ಒಂದು ಚುಕ್ಕೆಯಲ್ಲಿ ತೂತು ಬೀಳುತ್ತದೆ. ಆಗ ಆ ಚುಕ್ಕೆಯ ಸುತ್ತಲಿನ ಲೇಪ ಆವಿಯಾಗಿ ಹೋಗಿ, ತೂತು ತಾನಾಗಿ ಬೇರ್ಪಡುತ್ತದೆ. ಶಾರ್ಟ್ ಆಗುವುದು ತಪ್ಪಿತು, ಆದರೆ ಅಷ್ಟು ಲೇಪ ಹೋಯಿತು. ಹೀಗೆ ಚುಕ್ಕೆ ಚುಕ್ಕೆಯಾಗಿ ಸವೆದು ಮೈಕ್ರೋಫ್ಯಾರಡ್ ಇಳಿಯುತ್ತದೆ. ಒಳಗೆ ತೇವ ಹೊಕ್ಕರೂ ಲೇಪ ತಿಂದುಹೋಗುತ್ತದೆ. ಹೊರಗಿನ ಕಂದು ಬಣ್ಣ ಮಾತ್ರ ಹೊಸದರಂತೆಯೇ ಇರುತ್ತದೆ. ಹಾಗಾಗಿ ಕಣ್ಣಿನಿಂದ ನೋಡಿ ಪ್ರಯೋಜನವಿಲ್ಲ, ಅಳೆಯಲೇಬೇಕು.

ಬದಲಿಸುವಾಗ ಅದೇ ಮೈಕ್ರೋಫ್ಯಾರಡ್ ಇರುವ ಎಕ್ಸ್2 ದರ್ಜೆಯದನ್ನು ಹಾಕಿ. ಮೇನ್ಸ್‌ಗೆ ನೇರವಾಗಿ ಸೇರಿಸಲೆಂದೇ ಪರೀಕ್ಷೆ ಮಾಡಿದ ದರ್ಜೆ ಅದು, ಮೇಲೆ 275 ಅಥವಾ 310 ವೋಲ್ಟ್ ಎಸಿ ಎಂದು ಬರೆದಿರುತ್ತದೆ. ಗಾತ್ರದಲ್ಲಿ ಸ್ವಲ್ಪ ದಪ್ಪ, ಜಾಗ ನೋಡಿಕೊಳ್ಳಿ. ಅದಕ್ಕೂ ಸವೆತ ತಪ್ಪಿದ್ದಲ್ಲ, ಆದರೆ ಬೆಂಕಿಯ ಭಯ ಕಡಿಮೆ.

ಎರಡು ಮೈಕ್ರೋಫ್ಯಾರಡ್ ಹಾಕಿದ್ರೆ ಅರ್ಧ ಟೈಮಲ್ಲಿ ಚಾರ್ಜ್ ಆಗತ್ತಲ್ವಾ?

ಆಗುತ್ತದೆ. ತುಂಬಿದ ಮೇಲೂ ಎರಡರಷ್ಟು ತಳ್ಳುತ್ತದೆ, ಬ್ಯಾಟರಿ ಬಿಸಿಯಾಗುತ್ತದೆ, ಬೇಗ ಒಣಗುತ್ತದೆ. ನಿಲ್ಲಿಸುವ ವ್ಯವಸ್ಥೆ ಇಲ್ಲದ ಸರ್ಕ್ಯೂಟಿಗೆ ನಿಧಾನವೇ ಕ್ಷೇಮ.

ಬ್ಯಾಟರಿ ತೆಗೆದು ಪ್ಲಗ್ ಹಾಕಿದೆ. ಎಲ್ಇಡಿ ಎಲ್ಲಾ ಒಂದೇ ಸಲ ಸುಟ್ಟುಹೋದವು. ಬ್ಯಾಟರಿ ಇಲ್ದೆ ಕರೆಂಟೇ ಕಡಿಮೆ ತಾನೇ?

ಕರೆಂಟ್ ಕಡಿಮೆ, ವೋಲ್ಟ್ ಅಲ್ಲ. ಈ ಸರ್ಕ್ಯೂಟಿನಲ್ಲಿ ವೋಲ್ಟನ್ನು ಕೆಳಗೆ ಹಿಡಿದಿಟ್ಟಿರುವುದು ಬ್ಯಾಟರಿಯೇ. ಬಂದ ಕರೆಂಟನ್ನೆಲ್ಲ ಅದು ನುಂಗುವುದರಿಂದ ಅಂಕಿ ನಾಲ್ಕೂವರೆ, ಐದರಲ್ಲಿ ನಿಂತಿರುತ್ತದೆ. ಬ್ಯಾಟರಿ ಇಲ್ಲದಿದ್ದರೆ ನುಂಗುವವರೇ ಇಲ್ಲ. ವೋಲ್ಟ್ ಮೇನ್ಸ್‌ನ ತುದಿಯತ್ತ ಹತ್ತುತ್ತದೆ, 230 ವೋಲ್ಟ್ ಲೈನಿನಲ್ಲಿ ಆ ತುದಿ 325ರ ಹತ್ತಿರ. ದಾರಿಯಲ್ಲಿ ಸಿಕ್ಕ ಟ್ರಾನ್ಸಿಸ್ಟರ್, ಎಲ್ಇಡಿ ಯಾವುದು ಮೊದಲು ಸೋಲುತ್ತದೋ ಅದು ಹೋಗುತ್ತದೆ.

ಬ್ಯಾಟರಿಯನ್ನು ನೀವು ತೆಗೆಯಲೇಬೇಕೆಂದಿಲ್ಲ. ಪೂರ್ತಿ ಒಣಗಿದ ಬ್ಯಾಟರಿ, ತುಂಡಾದ ತಂತಿ, ಇವೂ ಬ್ಯಾಟರಿ ಇಲ್ಲದ್ದಕ್ಕೆ ಸಮವೇ. 'ಮೊದಲು ಬ್ಯಾಟರಿ ಹೋಯ್ತು, ಆಮೇಲೆ ಲೈಟೇ ಸುಟ್ಟುಹೋಯ್ತು' ಎಂದು ಜನ ಹೇಳುವುದರ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಬ್ಯಾಟರಿ ಕೆಟ್ಟಿದೆ ಎಂದು ಗೊತ್ತಾದ ದಿನದಿಂದ ಆ ಲೈಟನ್ನು ಪ್ಲಗ್ಗಿಗೆ ಹಾಕಬೇಡಿ.

ಕರೆಂಟ್ ಹೋದ್ರೆ ತಾನಾಗಿ ಹತ್ತಲ್ಲ. ಸ್ವಿಚ್ ಒತ್ತಿದ್ರೆ ಚೆನ್ನಾಗಿ ಹತ್ತತ್ತೆ.

ಬ್ಯಾಟರಿ, ಎಲ್ಇಡಿ ಎರಡೂ ಸರಿ ಇವೆ ಎಂದಾಯಿತು. ಮೇನ್ಸ್ ಇರುವವರೆಗೆ ಒಂದು ಟ್ರಾನ್ಸಿಸ್ಟರ್ ಎಲ್ಇಡಿಯನ್ನು ತಡೆಹಿಡಿದಿರುತ್ತದೆ, ಮೇನ್ಸ್ ಹೋದ ಕೂಡಲೇ ಬಿಡುತ್ತದೆ. ಆ ಟ್ರಾನ್ಸಿಸ್ಟರ್, ಇಲ್ಲವೇ ಅದಕ್ಕೆ ಸುದ್ದಿ ಮುಟ್ಟಿಸುವ ಸಣ್ಣ ರೆಸಿಸ್ಟರ್ ಹೋಗಿರುತ್ತದೆ. ಆದರೆ ಅದಕ್ಕೂ ಮೊದಲು ಸ್ವಿಚ್ ನೋಡಿ. ಆಟೋ ಎಂಬ ಜಾಗದಲ್ಲೇ ಇದೆಯಾ? ಸರಿಸುವ ಸ್ವಿಚ್ಚುಗಳ ಒಳಗೆ ಕಪ್ಪು ಕಟ್ಟಿ ಒಂದು ಬದಿ ಮಾತ್ರ ಮುಟ್ಟದೇ ಇರುವುದು ಮಾಮೂಲು. ಪ್ಲಗ್ ತೆಗೆದು ಹತ್ತಿಪ್ಪತ್ತು ಸಲ ಆಚೀಚೆ ಸರಿಸಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಒಣಗಿದ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿದ್ರೆ ಜೀವ ಬರತ್ತಂತೆ, ನಿಜಾನಾ?

ಅರ್ಧ ನಿಜ. ಮೇಲಿನ ಅಂಟಿಸಿದ ಪಟ್ಟಿ ಎಬ್ಬಿಸಿದರೆ ಕೆಳಗೆ ಎರಡು ರಬ್ಬರ್ ಟೊಪ್ಪಿ ಕಾಣುತ್ತವೆ. ಅವನ್ನು ತೆಗೆದು ಕೆಲವು ಹನಿ ಹಾಕಿದರೆ, ಬರೀ ನೀರು ಆರಿದ್ದರಿಂದ ಸೋತ ಬ್ಯಾಟರಿ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ನಾನು ಮಾಡಿ ನೋಡಿದ್ದೇನೆ. ನಾಲ್ಕು ನಿಮಿಷದ್ದು ನಲವತ್ತಕ್ಕೆ ಬಂತು, ಕೆಲವು ವಾರಕ್ಕೆ ಮತ್ತೆ ಕುಸಿಯಿತು. ಹರಳು ಕಟ್ಟಿದ ತಗಡಿಗೆ, ತಿಂದುಹೋದ ಸೀಸಕ್ಕೆ ನೀರು ಮದ್ದಲ್ಲ. ಒಳಗಿರುವುದು ಸಲ್ಫ್ಯೂರಿಕ್ ಆಸಿಡ್. ಚರ್ಮ ಸುಡುತ್ತದೆ, ಕಣ್ಣಿಗೆ ಹಾರಿದರೆ ದೊಡ್ಡ ಅನಾಹುತ. ಕನ್ನಡಕ, ಕೈಗವಸು ಇಲ್ಲದೆ ಹೋಗಬೇಡಿ. ನನ್ನನ್ನು ಕೇಳಿದರೆ ಆ ನಲವತ್ತು ನಿಮಿಷಕ್ಕೆ ಇಷ್ಟೆಲ್ಲ ಬೇಡ.

ಲೆಡ್ ಆಸಿಡ್ ತೆಗೆದು ಲೀಥಿಯಂ ಸೆಲ್ ಹಾಕ್ಲಾ? ಅದೂ ನಾಲ್ಕರ ಹತ್ತಿರಾನೇ ಇದೆ.

ಈ ಸರ್ಕ್ಯೂಟಿನಲ್ಲಿ ಬೇಡವೇ ಬೇಡ. ಲೀಥಿಯಂ ಅಯಾನ್ ಸೆಲ್ಲನ್ನು 4.2 ವೋಲ್ಟಿನಲ್ಲಿ ಕಟ್ಟುನಿಟ್ಟಾಗಿ ನಿಲ್ಲಿಸಬೇಕು. ಕೆಪ್ಯಾಸಿಟರ್ ಸರ್ಕ್ಯೂಟಿಗೆ ನಿಲ್ಲುವುದೇ ಗೊತ್ತಿಲ್ಲ ಎಂದೆನಲ್ಲ. ಲೆಡ್ ಆಸಿಡ್ ಜಾಸ್ತಿ ಚಾರ್ಜ್ ಆದರೆ ಒಣಗುತ್ತದೆ. ಲೀಥಿಯಂ ಜಾಸ್ತಿ ಚಾರ್ಜ್ ಆದರೆ ಉಬ್ಬುತ್ತದೆ, ಬೆಂಕಿ ಹತ್ತಿಕೊಳ್ಳಬಹುದು. ಸೆಲ್ಲಿನ ಮೇಲೆ ರಕ್ಷಣೆಯ ಸಣ್ಣ ಬೋರ್ಡ್ ಇದೆ ಎಂದು ಕೆಲವರು ವಾದ ಮಾಡುತ್ತಾರೆ. ಅದು ಕೊನೆಯ ತಡೆಗೋಡೆ, ದಿನಾ ಗುದ್ದಿಸಿಕೊಳ್ಳಲು ಇಟ್ಟದ್ದಲ್ಲ. ಅದು ಸೆಲ್ಲನ್ನು ಕಟ್ ಮಾಡಿದ ಕೂಡಲೇ ಬ್ಯಾಟರಿ ಇಲ್ಲದ ಸ್ಥಿತಿ ಬಂದು ಎಲ್ಇಡಿಯೂ ಹೋಗುತ್ತದೆ. ಲೀಥಿಯಂ ಬೇಕಿದ್ದರೆ ಆ ಜಾತಿಗೆಂದೇ ಮಾಡಿದ ಲೈಟ್ ತೆಗೆದುಕೊಳ್ಳಿ.

ನನ್ನದು ಲೀಥಿಯಂ ಲೈಟೇ. ಒಂದು ವರ್ಷ ಇಟ್ಟಿದ್ದೆ, ಈಗ ಮೀಟರ್ ಸೊನ್ನೆ ತೋರಿಸತ್ತೆ.

ಸೊನ್ನೆ ಎಂದರೆ ಹೆಚ್ಚಾಗಿ ರಕ್ಷಣೆಯ ಬೋರ್ಡ್ ಬಾಗಿಲು ಹಾಕಿಕೊಂಡಿದೆ ಎಂದು. ಅದರದೇ ಚಾರ್ಜರಿಗೆ ಅರ್ಧ ಗಂಟೆ ಹಾಕಿ, ನೀವು ಎದುರಿಗೇ ಇರಿ. 3 ವೋಲ್ಟ್ ದಾಟಿ ಮೇಲೆ ಬಂದು, ತಣ್ಣಗೇ ಇದ್ದರೆ ಬದುಕಿತು. ಬಿಸಿಯಾದರೆ ಅಥವಾ ಸೆಲ್ ಉಬ್ಬಿದ್ದರೆ ಅಲ್ಲಿಗೇ ನಿಲ್ಲಿಸಿ. ಉಬ್ಬಿದ ಸೆಲ್ಲನ್ನು ಒತ್ತಬೇಡಿ, ಚುಚ್ಚಬೇಡಿ.

ಸತ್ತ ಬ್ಯಾಟರಿಯನ್ನು ಏನು ಮಾಡ್ಲಿ?

ಕಸದ ಬುಟ್ಟಿಗೆ ಹಾಕಬೇಡಿ, ಒಳಗೆ ಸೀಸ, ಆಸಿಡ್ ಎರಡೂ ಇವೆ. ಹಳೆ ಬ್ಯಾಟರಿ ಕೊಳ್ಳುವವರು ಸೀಸಕ್ಕಾಗಿಯೇ ಇಂಥದ್ದನ್ನು ತೂಕಕ್ಕೆ ತೆಗೆದುಕೊಳ್ಳುತ್ತಾರೆ. ಕೊಡುವವರೆಗೆ ಎರಡೂ ತುದಿಗೆ ಟೇಪ್ ಸುತ್ತಿ, ನೆಟ್ಟಗೆ ನಿಲ್ಲಿಸಿಡಿ.